ಫ್ರಿಜ್ಜಿನ ಕಿವಿ

ನಮ್ಮ ಅತ್ತೆ ಒಂದು ಟಗರು ಮಾರಿ ಒಂದು ಕಾಗದ ಕೊಂಡರು. ಆ ಕಾಗದದ ಜೊತೆ ಬಂದ ಫ್ರಿಜ್ ನನ್ನ ಪಗಾರದ್ದು, ಕಾಗದ ಮಾತ್ರ ಅವರದು. ಸುಮಾರು ನಾಲ್ಕು ವರ್ಷ ನಾನು ಅದನ್ನು ಆಡಿಕೊಂಡು ನಕ್ಕೆ. ಆಮೇಲೆ ಒಂದು ದಿನ ಅದೇ ಕಾಗದ ಕೈಯಲ್ಲಿ ಹಿಡಿದು, ಅತ್ತೆಯ ಮುಖ ನೋಡಲಾರದೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತೆ.

ನಾನು ಕುಲಗೋಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡನ ಮನೆಯವರು ಕುರಿ ಕಾಯ್ದು ಬದುಕಿದವರು. ಈಗ ಕಬ್ಬು, ಜೋಳ ಎಲ್ಲ ಇದ್ದರೂ ಕುರಿ ಬಿಟ್ಟಿಲ್ಲ. ಆ ಕುರಿಗಳ ಯಜಮಾನಿಕೆ ಅತ್ತೆಯದು. ಅವರಿಗೆ ಒಂದಕ್ಷರ ಓದಲು ಬಾರದು, ಆದರೆ ಸಂಜೆ ಹಟ್ಟಿಗೆ ಬಂದ ಹಿಂಡಿನಲ್ಲಿ ಯಾವ ಕುರಿ ಬಂದಿಲ್ಲ ಅಂತ ಎಣಿಸದೆ ಹೇಳುತ್ತಾರೆ. ನನಗೆ ಓದು ಬರುತ್ತದೆ, ಅದರ ಜಂಬವೂ ತುಸು ಇದೆ. ಗುಳಿಗೆ ಡಬ್ಬಿಯೊಳಗಿನ ಮಡಚಿದ ಚೀಟಿ, ಗ್ಯಾಸ್ ಪುಸ್ತಕದ ಕೊನೆಯ ಪುಟ, ಯಾವುದನ್ನೂ ಬಿಡುವವಳಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನಾನು ಓದಲು ಕುಳಿತರೆ ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಓದಾಕಿ ಕುಂತಾಳ, ಇನ್ನ ಚಾ ಸಿಗೂದಿಲ್ಲ." ಅದು ಹೊಗಳಿಕೆ ಅಂತ ನಾನು ಯಾವತ್ತೂ ತಪ್ಪು ತಿಳಿದಿರಲಿಲ್ಲ.

ಹಳೆಯದು ಒಂದು ಬಾಗಿಲಿನ ಫ್ರಿಜ್. ಹದಿನಾಲ್ಕು ವರ್ಷ ದುಡಿದು ಒಂದು ಬೇಸಿಗೆಯ ಆರಂಭದಲ್ಲಿ ನಿಂತುಹೋಯಿತು. ರಿಪೇರಿ ಮಾಡುವವನು ಬಂದು ನೋಡಿ, "ಅಕ್ಕಾರ, ಇದಕ್ಕ ರೊಕ್ಕ ಹಾಕಬ್ಯಾಡ್ರಿ" ಎಂದು ತನ್ನ ಚಹಾ ಕುಡಿದು ಎದ್ದ. ಯುಗಾದಿ ಮುಗಿದ ಮೊದಲ ರವಿವಾರ ನಾನು, ನನ್ನ ಗಂಡ, ಅತ್ತೆ ಮೂವರೂ ಗೋಕಾಕದ ಬಸ್ಸು ಹತ್ತಿದೆವು. ಅತ್ತೆ ಯಾಕೆ ಅಂದರೆ, ಮನೆಗೆ ಬರುವ ಯಾವ ಜೀವವನ್ನೂ ಅವರು ತಾವೇ ಮುಟ್ಟಿ ನೋಡದೆ ಒಳಗೆ ಬಿಡುವುದಿಲ್ಲ. ಫ್ರಿಜ್ಜೂ ಅವರ ಲೆಕ್ಕದಲ್ಲಿ ಜೀವವೇ. ರಾತ್ರಿ ಗುರ್ ಅನ್ನುತ್ತದಲ್ಲ.

ಅಂಗಡಿಯಲ್ಲಿ ಎರಡು ಬಾಗಿಲಿನ, ಒಳಗೆ ಮಂಜು ಕಟ್ಟದ ಫ್ರಿಜ್ ಒಂದನ್ನು ಆರಿಸಿದೆವು. ಅತ್ತೆ ಬಾಗಿಲು ತೆರೆದು, ಮುಚ್ಚಿ, ಟಗರಿನ ಬೆನ್ನು ತಟ್ಟಿದಂತೆ ಬದಿಗೆ ಎರಡು ಸಲ ತಟ್ಟಿ, "ಇರ್ಲಿ" ಎಂದರು. ಬಿಲ್ಲಿಗೆ ಹೋಗುವಾಗ ಅಂಗಡಿಯವರು ಮೆತ್ತಗೆ ಇನ್ನೊಂದು ಮಾತು ತೆಗೆದರು.

"ಅಕ್ಕಾರ, ಎಕ್ಸ್‌ಟೆಂಡೆಡ್ ವಾರಂಟಿ ಒಂದು ಹಾಕಿಬಿಡ್ಲೇನ್ರಿ? ಮೂರು ವರ್ಷದ್ದೈತಿ. ಮೂರು ಸಾವಿರದ ಇನ್ನೂರು."

ಫ್ರಿಜ್ಜಿನ ಬೆಲೆ ಮೂವತ್ತೊಂದು ಸಾವಿರ. ನನಗೆ ತಟ್ಟನೆ ಸಿಟ್ಟು ಬಂತು. ವಸ್ತು ಚೆನ್ನಾಗಿದೆ ಎಂದು ಅರ್ಧ ತಾಸು ಹೊಗಳಿ, ದುಡ್ಡು ಕೊಡುವ ಹೊತ್ತಿಗೆ ಅದು ಕೆಡುತ್ತದೆ ಎಂದು ಹೆದರಿಸುವುದು ಯಾವ ನ್ಯಾಯ? ಬಾಗಿಲ ಮೇಲೆಯೇ ಹತ್ತು ವರ್ಷ ವಾರಂಟಿ ಎಂದು ದಪ್ಪಕ್ಷರದಲ್ಲಿ ಅಂಟಿಸಿದ್ದರು. ಅದನ್ನು ತೋರಿಸಿದೆ.

"ಅದು ಕಂಪ್ರೆಸರಿಗೆ ಮಾತ್ರರಿ" ಎಂದರು ಅಂಗಡಿಯವರು. ಪಾಪ, ಸುಳ್ಳು ಹೇಳುವ ಮನುಷ್ಯನಲ್ಲ.

"ನಮ್ಮ ಹಳೇದು ಹದಿನಾಲ್ಕು ವರ್ಷ ಇಂಥಾ ಕಾಗದ ಇಲ್ದನ ನಡೀತ್ರಿ" ಎಂದೆ ನಾನು.

ಅಷ್ಟರಲ್ಲಿ ಅತ್ತೆ ಕೇಳಿದರು, "ಏನಂತಾನವಾ ಅವ?"

ಹೇಳಿದೆ. ಮೂರು ವರ್ಷದ ಒಳಗೆ ಕೆಟ್ಟರೆ ಅವರೇ ರಿಪೇರಿ ಮಾಡಿಕೊಡುತ್ತಾರೆ, ಕೆಡದಿದ್ದರೆ ದುಡ್ಡು ಹೋದಂತೆ. ಅತ್ತೆ ಒಂದು ನಿಮಿಷ ಯೋಚಿಸಿ ಹೇಳಿದ ಮಾತು ಈಗಲೂ ನಮ್ಮ ಮನೆಯಲ್ಲಿ ಓಡಾಡುತ್ತದೆ.

"ತೋಳ ಬರ್ಲಿ ಬಿಡ್ಲಿ, ನಾಯಿಗೆ ರೊಟ್ಟಿ ಹಾಕಬೇಕಲ್ಲ."

"ಅತ್ತೀ, ಇದು ನಾಯಿ ಅಲ್ರಿ, ಕಾಗದ."

"ಅದಕ್ಕ ನೀ ಅದಿಯಲ್ಲ. ಓದು. ನಾಯಿಗೆ ಹಲ್ಲ ಅದಾವಿಲ್ಲ ನೋಡು."

ಷರತ್ತಿನ ಕಾಗದ ಕೊಡಿ ಎಂದು ಅಂಗಡಿಯವರನ್ನು ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಫೋನಿನಲ್ಲಿ ಹುಡುಕಿ, ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ತಂದುಕೊಟ್ಟರು. ಆರು ಪುಟ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರ. ಒಂದು ಹೊಸ ವಾಷಿಂಗ್ ಮಶೀನಿನ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು ಓದತೊಡಗಿದೆ. ನನ್ನ ಗಂಡ ಹೊರಗೆ ಹೋಗಿ ಕರದಂಟು ಕಟ್ಟಿಸಿಕೊಂಡು ಬಂದರು, ಆದರೂ ನಾನು ಮೂರನೆಯ ಪುಟದಲ್ಲಿದ್ದೆ.

ಓದುತ್ತ ಹೋದಂತೆ ನನ್ನ ಸಿಟ್ಟಿಗೆ ಆಧಾರ ಕಡಿಮೆಯಾಯಿತು ಎಂದು ಒಪ್ಪಿಕೊಳ್ಳಬೇಕು. ಮೊದಲ ಒಂದು ವರ್ಷ ಕಂಪನಿಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಈ ಕಾಗದದ ಮೂರು ವರ್ಷ ಶುರುವಾಗುವುದು ಅದು ಮುಗಿದ ಮೇಲೆ. ಹತ್ತು ವರ್ಷದ ಮಾತು ಕಂಪ್ರೆಸರ್ ಎಂಬ ಒಂದು ಭಾಗಕ್ಕೆ ಮಾತ್ರ. ಒಂದು ವರ್ಷದ ಮೇಲೆ ಅದು ಕೆಟ್ಟರೂ ಭಾಗ ಪುಕ್ಕಟೆ, ಗ್ಯಾಸ್ ತುಂಬುವುದು, ಕೆಲಸದ ಕೂಲಿ, ಬಂದುಹೋದ ಖರ್ಚು ನಮ್ಮದು. ಹಳೆಯ ಫ್ರಿಜ್ಜಿನಲ್ಲಿ ಕೆಡುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಬಾಳಿತು. ಇದರಲ್ಲಿ ಫ್ಯಾನು, ಸೆನ್ಸರು, ಮಂಜು ಕರಗಿಸುವ ಹೀಟರು, ಎಲ್ಲಕ್ಕಿಂತ ಮೇಲೆ ಒಂದು ಎಲೆಕ್ಟ್ರಾನಿಕ್ ಬೋರ್ಡು. ಆ ಬೋರ್ಡು ಹೋದರೆ ಎಷ್ಟು ಎಂದು ಅಂಗಡಿಯವರನ್ನು ಕೇಳಿದೆ. "ಐದು ಸಾವಿರದ ಮ್ಯಾಲ ಹೋಗ್ತೈತ್ರಿ." ಒಂದು ಸಲ ಬೋರ್ಡು ಹೋದರೆ ಕಾಗದದ ದುಡ್ಡು ಬಂದಂತೆ, ಹೋಗದಿದ್ದರೆ ಇಲ್ಲ. ಹಳೆಯದರಂಥ ಸಾದಾ ಫ್ರಿಜ್ ಆಗಿದ್ದರೆ ನಾನು ಖಂಡಿತ ಬೇಡ ಎನ್ನುತ್ತಿದ್ದೆ.

ಆಮೇಲೆ ಏನೇನು ಕೊಡುವುದಿಲ್ಲ ಎಂಬ ಪಟ್ಟಿ. ಅದೇ ಎರಡು ಪುಟ. ಒಳಗಿನ ಗಾಜಿನ ತಟ್ಟೆ, ಪ್ಲಾಸ್ಟಿಕ್ಕು, ಬಾಗಿಲ ರಬ್ಬರು, ದೀಪ ಇಲ್ಲ. ಇಲಿ ಕಡಿದರೆ ಇಲ್ಲ. ಕರೆಂಟಿನ ಏರಿಳಿತದಿಂದ ಸುಟ್ಟರೆ ಇಲ್ಲ. ನಮ್ಮೂರಿನ ಕರೆಂಟು ಪಂಪ್‌ಸೆಟ್ಟುಗಳು ಶುರುವಾದಾಗ ಒಂದು ಥರ, ನಿಂತಾಗ ಇನ್ನೊಂದು ಥರ. ಗಂಡನನ್ನು ಕರೆದು ಸ್ಟೆಬಿಲೈಸರ್ ಬೇಕೇ ಬೇಕು ಎಂದೆ. ವ್ಯಾಪಾರಕ್ಕೆ ಬಳಸಿದರೆ ಇಲ್ಲ ಎಂದೂ ಇತ್ತು.

"ಕುರಿ ಲಸಿಕೆ ಬಾಟ್ಲಿ ಇಟ್ರ ವ್ಯಾಪಾರ ಆಗ್ತೈತೇನ?" ಎಂದು ನನ್ನ ಗಂಡ ಕೇಳಿದರು.

"ಮನಿ ಕುರಿಗೆ ಇಟ್ರ ಇಲ್ರಿ. ಅಂಗಡಿ ತೆರೆದು ಮಾರಿದ್ರ ಹೌದು" ಎಂದರು ಅಂಗಡಿಯವರು, ನಗುತ್ತ.

ನಗರದ ಹೊರಗೆ ಬಂದರೆ ಪ್ರಯಾಣದ ಖರ್ಚು ಬೇರೆ ಎಂಬ ಸಾಲೊಂದು ಸಿಕ್ಕಿತು. ಅಲ್ಲಿಂದಲೇ ಕಂಪನಿಯ ನಂಬರಿಗೆ ಫೋನ್ ಮಾಡಿ ನಮ್ಮೂರಿನ ಪಿನ್‌ಕೋಡ್ ಹೇಳಿದೆ. ಗೋಕಾಕದ ಸರ್ವಿಸ್ ಸೆಂಟರಿನಿಂದ ಬರುತ್ತಾರೆ, ಖರ್ಚಿಲ್ಲ ಎಂದರು. ಬರೆದು ಕಳಿಸಿ ಎಂದೆ. ಮೆಸೇಜ್ ಬಂತು. ಕೊನೆಗೆ ಅಂಗಡಿಯವರ ಬಳಿ ಎರಡು ಥರದ ಕಾಗದ ಇದೆ ಎಂದು ಗೊತ್ತಾಯಿತು. ಒಂದು ಬೇರೆ ಯಾವುದೋ ಸಂಸ್ಥೆಯದು, ಅಗ್ಗ. ಇನ್ನೊಂದು ನಾನು ಓದಿದ್ದು, ಫ್ರಿಜ್ ಮಾಡಿದ ಕಂಪನಿಯದೇ. ಅಗ್ಗದ್ದರಲ್ಲಿ ರಿಪೇರಿ ಆಗದಿದ್ದರೆ ವರ್ಷ ವರ್ಷಕ್ಕೆ ಇಳಿಸಿದ ಬೆಲೆ ಕೊಡುತ್ತಾರೆ, ಅದನ್ನು ಪಡೆಯಲು ಮತ್ತೆ ಹತ್ತು ದಾಖಲೆ. ತೆಗೆದುಕೊಳ್ಳುವುದಾದರೆ ಕಂಪನಿಯದನ್ನೇ ತೆಗೆದುಕೊಳ್ಳಿ ಎಂದು ಅತ್ತೆಗೆ ಹೇಳಿದೆ.

"ಹಲ್ಲ ಅದಾವೇನ?" ಎಂದರು ಅತ್ತೆ.

"ಅದಾವ್ರಿ. ಆದ್ರ ಎಲ್ಲಾ ಕಡೆ ಕಚ್ಚೂದಿಲ್ಲ."

ಅತ್ತೆ ಸೊಂಟದ ಚೀಲ ಬಿಚ್ಚಿದರು. ಹಿಂದಿನ ವಾರ ಮೂಡಲಗಿ ಸಂತೆಯಲ್ಲಿ ತಮ್ಮ ಪಾಲಿನ ಟಗರು ಮಾರಿದ ದುಡ್ಡು ಅದು. ಆ ಟಗರಿಗೆ ಅವರು ಕೈಯಾರೆ ಜೋಳದ ನುಚ್ಚು ತಿನ್ನಿಸಿ ಬೆಳೆಸಿದ್ದರು. ನಾನು ಬೇಡ ಎಂದೆ. ಅವರು ಕೇಳಲಿಲ್ಲ.

"ಫ್ರಿಜ್ಜ ನಿಂದು. ಅದನ್ನ ಕಾಯೂ ನಾಯಿ ನಂದು."

ಮನೆಗೆ ಬಂದವಳೇ ಬಿಲ್ಲಿನ ಎರಡು ಝೆರಾಕ್ಸ್ ತೆಗೆಸಿಟ್ಟೆ, ಯಾಕೆಂದರೆ ಆ ನುಣುಪು ಕಾಗದದ ಮೇಲಿನ ಅಕ್ಷರ ವರ್ಷದೊಳಗೆ ಮಾಯವಾಗುತ್ತದೆ. ಬಿಲ್ಲು, ಷರತ್ತು, ಕಂಪನಿಯ ಪ್ರಮಾಣಪತ್ರ, ಬಳಸುವ ಪುಸ್ತಕ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಸೇರಿಸಿ ಟ್ರಂಕಿನಲ್ಲಿಟ್ಟೆ. ನನ್ನಷ್ಟು ಜಾಣೆ ಊರಲ್ಲೇ ಇಲ್ಲ ಎಂದು ಅವತ್ತು ಅನ್ನಿಸಿದ್ದು ನಿಜ.

ಮುಂದಿನ ವರ್ಷಗಳಲ್ಲಿ ಆ ಫ್ರಿಜ್ ಒಂದು ದಿನವೂ ಕೆಮ್ಮಲಿಲ್ಲ. ಪ್ರತಿ ಯುಗಾದಿಗೆ ನಾನು ಅತ್ತೆಯನ್ನು ಕೆಣಕುತ್ತಿದ್ದೆ. "ಅತ್ತೀ, ನಿಮ್ಮ ನಾಯಿ ರೊಟ್ಟಿ ತಿಂದು ಮಕ್ಕೊಂಡೈತ್ರಿ." ಅವರು ಎಲೆ ಅಡಿಕೆ ಜಗಿಯುತ್ತ, "ಮಲಗಿದ ನಾಯಿ ಇದ್ದ ಮನಿ ಛಲೋ ಮನಿ" ಎನ್ನುತ್ತಿದ್ದರು. ಆದರೂ ಟಗರಿನ ದುಡ್ಡು ಸುಮ್ಮನೆ ಹೋಯಿತಲ್ಲ ಎಂಬ ಕೊರಗು ಅವರಿಗೆ ಒಳಗೇ ಇತ್ತು. ಒಂದು ಸಲ ನೆರೆಮನೆಯವಳ ಮುಂದೆ, "ಏನಾರ ಒಂದು ಕೆಟ್ಟಿದ್ರ ಆಗ್ತಿತ್ತ ನೋಡು" ಎಂದದ್ದು ನನ್ನ ಕಿವಿಗೆ ಬಿತ್ತು. ನಾನು ಅದನ್ನೂ ತಮಾಷೆ ಮಾಡಿದೆ. ಅಷ್ಟು ಕೆಣಕಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನನ್ನ ಕಣ್ಣೆದುರೇ ನಡೆಯುತ್ತಿತ್ತು, ನಾನು ಗಮನಿಸಲಿಲ್ಲ. ನಮ್ಮಲ್ಲಿ ದಸರೆಯಲ್ಲಿ ಖಂಡೇಪೂಜೆಗೆ ಮನೆಯ ಎಲ್ಲ ಹತಾರಗಳನ್ನೂ ತೊಳೆದು ಇಡುತ್ತೇವೆ. ಕುಡುಗೋಲು, ಕೊಡಲಿ, ಉಣ್ಣೆ ಕತ್ತರಿಸುವ ಕತ್ತರಿ, ಮೋಟಾರು ಗಾಡಿ, ಮಿಕ್ಸರು, ಕೊನೆಗೆ ಫ್ರಿಜ್ಜು. ಎಲ್ಲಕ್ಕೂ ದೇವರ ಭಂಡಾರ, ಅಂದರೆ ಅರಿಶಿನ ಪುಡಿ, ಮತ್ತು ವಿಭೂತಿ. ಯಾವ ಹತಾರಕ್ಕೂ ಅತ್ತೆ ಒಂದು ಹಣೆ ಹುಡುಕುತ್ತಾರೆ, ಹಚ್ಚುವುದು ಅಲ್ಲಿಗೇ. ಫ್ರಿಜ್ಜಿನ ಬದಿಯಲ್ಲಿ, ಬಾಗಿಲ ಪಕ್ಕಕ್ಕೆ, ಗೆರೆ ಗೆರೆಯ ಒಂದು ಬಿಳಿ ಚೀಟಿ ಅಂಟಿಸಿದ್ದರು. ಅದರ ಹಣೆ ಅದೇ ಎಂದು ಅತ್ತೆ ಮೊದಲ ವರ್ಷವೇ ತೀರ್ಮಾನಿಸಿದರು. ದಸರೆಗಷ್ಟೇ ಅಲ್ಲ, ಅಮಾವಾಸ್ಯೆ ಅಮಾವಾಸ್ಯೆಗೂ ಭಂಡಾರ ಬೀಳುತ್ತಿತ್ತು. ಮರುದಿನ ಕಲೆ ಉಳಿಯಬಾರದೆಂದು ತೆಂಗಿನ ನಾರಿಗೆ ಸೋಪಿನ ಪುಡಿ ಹಾಕಿ ತಿಕ್ಕುತ್ತಿದ್ದರು. ಅತ್ತೆ ತಿಕ್ಕಿದರೆ ತಾಮ್ರದ ಕೊಡವೂ ಸಣ್ಣದಾಗುತ್ತದೆ.

ನಾಲ್ಕನೆಯ ವರ್ಷ, ಕಾಗದದ ಅವಧಿ ಮುಗಿಯಲು ಮೂರು ವಾರ ಇರುವಾಗ, ಒಂದು ಬೆಳಿಗ್ಗೆ ಹಾಲು ಒಡೆದಿತ್ತು. ಫ್ರಿಜ್ಜಿನ ದೀಪ ಹತ್ತುತ್ತಿತ್ತು, ತಂಪು ಇರಲಿಲ್ಲ, ಗುರ್ ಎನ್ನುವ ಸದ್ದೂ ಇರಲಿಲ್ಲ. ಅತ್ತೆ ಕಿವಿಯಿಟ್ಟು ಕೇಳಿ ನನ್ನತ್ತ ತಿರುಗಿದರು. ಮುಖದಲ್ಲಿ ಚಿಂತೆಗಿಂತ ಖುಷಿಯೇ ಹೆಚ್ಚಿತ್ತು.

"ಕೆಟ್ಟೈತಿ!" ಎಂದರು. "ಹಚ್ಚು ಫೋನ. ಎಬ್ಬಸು ನಾಯಿನ."

ಅವಧಿ ಮುಗಿಯುವ ಮೊದಲೇ ದೂರು ದಾಖಲಾದರೆ ಸಾಕು ಎಂದು ಓದಿದ್ದು ನೆನಪಿತ್ತು. ಶಾಲೆಗೆ ಹೋಗುವ ಮೊದಲೇ ದಾಖಲಿಸಿ ದೂರಿನ ಸಂಖ್ಯೆ ಬರೆದುಕೊಂಡೆ. ಮರುದಿನ ಮಧ್ಯಾಹ್ನ ಗೋಕಾಕದಿಂದ ಮೆಕ್ಯಾನಿಕ್ ಬಂದರು. ಹುಕ್ಕೇರಿ ಕಡೆಯವರು, ನಡುವಯಸ್ಸು, ಮಾತು ಕಡಿಮೆ. ಹಿಂದಿನ ಮುಚ್ಚಳ ಬಿಚ್ಚಿ, ಮೀಟರ್ ಹಚ್ಚಿ ನೋಡಿ, "ಬೋರ್ಡ ಹೋಗೇತ್ರಿ. ಸುಟ್ಟಿಲ್ಲ, ಸ್ಟೆಬಿಲೈಸರ್ ಐತಿ, ಇಲಿ ಕಡದಿಲ್ಲ. ನಿಮ್ಮ ಪ್ಲಾನಿನಾಗ ಬರ್ತೈತಿ" ಎಂದರು. ಅತ್ತೆ ನನ್ನ ಕಡೆ ಹುಬ್ಬು ಹಾರಿಸಿದರು. ನಾಲ್ಕು ವರ್ಷದ ನನ್ನ ಕುಚೇಷ್ಟೆಗೆಲ್ಲ ಅದೊಂದೇ ಹುಬ್ಬು ಸಾಕಿತ್ತು.

ಆಮೇಲೆ ಮೆಕ್ಯಾನಿಕ್ ಫೋನ್ ತೆಗೆದು, "ಸೀರಿಯಲ್ ನಂಬರಿನ ಫೋಟೋ ಹಾಕಬೇಕ್ರಿ, ಇಲ್ಲಾಂದ್ರ ಬೋರ್ಡ ಕೊಡೂದಿಲ್ಲ" ಎಂದು ಬದಿಗೆ ಬಂದು ನಿಂತರು. ಬಿಳಿ ಚೀಟಿಯಿದ್ದ ಜಾಗದಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಒಂದು ಚೌಕ. ಮೇಲೆ ಒಂದು ಗೆರೆ ಇಲ್ಲ, ಒಂದು ಅಂಕಿ ಇಲ್ಲ. ಅವರು ಟಾರ್ಚು ಹಾಕಿ ನೋಡಿದರು, ಬೆರಳಿನಿಂದ ಸವರಿದರು.

"ಯಾರರೀ ಇದನ್ನ ಅಳಿಸಿದವ್ರು?"

ನಾನು ಟ್ರಂಕಿನಿಂದ ಫೈಲು ತಂದೆ. ಬಿಲ್ಲಿನ ಮೇಲೆ ನಂಬರಿದೆ ನೋಡಿ ಎಂದೆ. ಅದು ಕಾಗದದ ಮೇಲಿನ ನಂಬರು, ಫ್ರಿಜ್ಜಿನ ಮೇಲಿನದಕ್ಕೆ ಹೊಂದಿಸಬೇಕು, ಬೇರೆ ಫ್ರಿಜ್ ತೋರಿಸಿ ಕ್ಲೇಮ್ ಮಾಡುವವರು ಇರುತ್ತಾರೆ ಎಂದು ಅವರು ಹೇಳಿದರು. ಅದೂ ಸರಿಯೇ. ಷರತ್ತಿನ ಐದನೆಯ ಪುಟ ತೆರೆದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸೀರಿಯಲ್ ನಂಬರನ್ನು ಕಿತ್ತಿದ್ದರೆ, ತಿದ್ದಿದ್ದರೆ ಅಥವಾ ಅಳಿಸಿದ್ದರೆ ಈ ಕರಾರು ನಡೆಯುವುದಿಲ್ಲ. ನಾಲ್ಕು ವರ್ಷದ ಹಿಂದೆ ಅಂಗಡಿಯಲ್ಲಿ ಕುಳಿತು ಇದೇ ಸಾಲು ಓದಿದ್ದೆ. ಕಳ್ಳರಿಗೆ ಬರೆದದ್ದು, ನಮಗಲ್ಲ ಎಂದು ಮುಂದೆ ಹೋಗಿದ್ದೆ.

"ಏನ್ ಬರದೈತಿ? ಓದಿ ಹೇಳು" ಎಂದರು ಅತ್ತೆ.

ಸುಳ್ಳು ಹೇಳಬಹುದಿತ್ತು. ಆದರೆ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು, ಕಾಗದವನ್ನಲ್ಲ. ಇದ್ದದ್ದನ್ನು ಇದ್ದಂತೆ ಕನ್ನಡದಲ್ಲಿ ಹೇಳಿದೆ. ಅತ್ತೆ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡರು. ಆ ನೋಟ ನನಗೆ ತಡೆಯಲಾಗಲಿಲ್ಲ. ದುಡ್ಡು ಹೋದರೆ ಹೋಗಲಿ ಎಂದು ನನಗೆ ಅನ್ನಿಸಬಹುದು, ಟಗರು ನನ್ನದಲ್ಲವಲ್ಲ. ಅವರು ತಂದ ನಾಯಿಯ ಹಲ್ಲನ್ನು ಅವರ ಕೈಯೇ ಕಿತ್ತಂತಾಗಿತ್ತು, ಅದೂ ದೇವರ ಭಂಡಾರ ಹಿಡಿದ ಕೈ.

ಮೆಕ್ಯಾನಿಕ್ ಕೆಟ್ಟವರಲ್ಲ. "ನಾಳೆ ಸಂಜಿತನಾ ನಾ ಇದನ್ನ ಪೆಂಡಿಂಗ್ ಇಡ್ತೇನ್ರಿ. ಏನಾರ ಸಿಕ್ರ ಫೋಟೋ ಕಳಸ್ರಿ" ಎಂದು ನಂಬರ್ ಕೊಟ್ಟು ಹೋದರು.

ಅವತ್ತು ಅತ್ತೆ ಅರ್ಧ ರೊಟ್ಟಿ ಬಿಟ್ಟು ಎದ್ದರು. ಯಾರೂ ಏನೂ ಅಂದಿರಲಿಲ್ಲ. ನನ್ನ ಗಂಡ, "ಹೋಗ್ಲಿ ಬಿಡವ್ವಾ, ಐದು ಸಾವಿರ ಏನ್ ದೊಡ್ಡದು" ಎಂದರು. ಅದರಿಂದ ಇನ್ನೂ ಕೆಟ್ಟಿತು. ನಾನು ಏನಾದರೂ ಹೇಳಬೇಕಿತ್ತು. ಹೊಸ್ತಿಲ ಮೇಲೆ ಕುಳಿತು ಅದೇ ಐದನೆಯ ಪುಟವನ್ನು ಮತ್ತೆ ಮತ್ತೆ ಓದಿದೆ, ಓದಿ ಓದಿ ಸಾಲು ಬದಲಾಗುತ್ತದೆಯೇನೋ ಎಂಬಂತೆ.

ಮರುದಿನ ಬೆಳಿಗ್ಗೆ ಹಟ್ಟಿಯಲ್ಲಿ ಅತ್ತೆ ಒಂದು ಕುರಿಯನ್ನು ಕಾಲಿನ ನಡುವೆ ಹಿಡಿದು ನಿಂತಿದ್ದರು. ನಾನು ಚಹಾ ತೆಗೆದುಕೊಂಡು ಹೋದೆ. ಹಿಂದಿನ ವಾರ ಉಣ್ಣೆ ಕತ್ತರಿಸಿದ್ದರಿಂದ ಬೆನ್ನ ಮೇಲಿನ ಕೆಂಪು ಬಣ್ಣದ ಗುರುತು ಹೋಗಿತ್ತು. ಅತ್ತೆ ಅದರ ಕಿವಿ ಮಡಚಿ, ತುದಿಯಲ್ಲಿ ಗುರುತಿಗೆಂದು ಕೊಯ್ದ ಕಚ್ಚು ನೋಡಿ ನಮ್ಮದೇ ಎಂದು ಬಿಟ್ಟರು. ಮುಂದಿನದನ್ನು ಹಿಡಿದರು. ಬಿಟ್ಟರು. ಮೂರನೆಯದನ್ನು ಹಿಡಿದವರು ಹಾಗೇ ನಿಂತರು.

"ಏನವಾ," ಎಂದರು, ನನ್ನತ್ತ ತಿರುಗದೆ. "ಉಣ್ಣಿ ಮ್ಯಾಲಿನ ಬಣ್ಣ ಹೋಗೂದ ಅಂತ ಗೊತ್ತಿದ್ದ ನಾವು ಕಿವಿಗೆ ಗುರ್ತ ಮಾಡ್ತೀವಿ. ಅಷ್ಟ ದೊಡ್ಡ ಕಂಪನಿ, ಒಂದ ಕಡೆ ಗುರ್ತ ಹಾಕಿ ಬಿಡ್ತಾರೇನ? ಅದಕ್ಕ ಕಿವಿ ಇಲ್ಲೇನ?"

ನಾನು ಚಹಾದ ಲೋಟ ಗೋಡೆಯ ಮೇಲಿಟ್ಟು ಮನೆಯೊಳಗೆ ಓಡಿದೆ. ಫೈಲಿನಲ್ಲಿ ಬಿಲ್ಲು, ಷರತ್ತು, ಪ್ರಮಾಣಪತ್ರ ಎಲ್ಲ ನನಗೆ ಬಾಯಿಪಾಠ. ಬಳಸುವ ಪುಸ್ತಕ ಮಾತ್ರ ಬಂದಾಗ ಹೇಗಿತ್ತೋ ಹಾಗೇ ಇತ್ತು. ಫ್ರಿಜ್ ಬಳಸಲು ಪುಸ್ತಕ ಯಾಕೆ ಎಂದು ಈ ಊರಿನ ದೊಡ್ಡ ಓದಾಕಿ ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿದಿರಲಿಲ್ಲ. ಹರಿದೆ. ನಾಲ್ಕನೆಯ ಪುಟದಲ್ಲಿ ಫ್ರಿಜ್ಜಿನ ಚಿತ್ರ, ಬಾಣದ ಗುರುತುಗಳು. ಒಂದು ಬಾಣ ಒಳಗೆ, ಎಡಗೋಡೆಗೆ, ಕೆಳಗಿನ ತರಕಾರಿ ಡಬ್ಬಿಯ ಹಿಂಬದಿಗೆ ತೋರಿಸುತ್ತಿತ್ತು. ಅಲ್ಲಿಯೂ ಒಂದು ಚೀಟಿ ಇದೆ ಎಂದು ಬರೆದಿತ್ತು.

ಆ ಡಬ್ಬಿಯನ್ನು ನಾವು ಪೂರ್ತಿ ಹೊರಗೆ ತೆಗೆದದ್ದೇ ಇಲ್ಲ. ಎಳೆದೆ. ಒಣಗಿದ ಒಂದು ಮೆಂತ್ಯದ ಕಡ್ಡಿ, ಒಂದು ಬೆಳ್ಳುಳ್ಳಿ ಎಸಳು, ಅವುಗಳ ಹಿಂದೆ ಗೋಡೆಯ ಮೇಲೆ ಅಂಗೈ ಅಗಲದ ಚೀಟಿ. ಒಂದು ಕಣ ಭಂಡಾರವೂ ಬಿದ್ದಿರಲಿಲ್ಲ. ಬಿಲ್ಲಿನ ಝೆರಾಕ್ಸ್ ಪಕ್ಕಕ್ಕೆ ಹಿಡಿದು ಒಂದೊಂದೇ ಅಂಕಿ ಬೆರಳಿಟ್ಟು ಹೊಂದಿಸಿದೆ. ಹದಿನೈದಕ್ಕೆ ಹದಿನೈದೂ ಸರಿ.

"ಅತ್ತೀ! ಕಿವಿ ಐತ್ರಿ!" ಎಂದು ನಾನು ಕೂಗಿದ್ದು ಎರಡು ಓಣಿಗೆ ಕೇಳಿತಂತೆ.

ಫೋಟೋ ಕಳಿಸಿದೆ. ಜೊತೆಗೆ, ಹೊರಗಿನ ಚೀಟಿ ಪೂಜೆಯಲ್ಲಿ ತೊಳೆದು ಅಳಿಸಿದ್ದು, ಬೇಕೆಂದು ಮಾಡಿದ್ದಲ್ಲ ಎಂದೂ ಬರೆದೆ. ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಪ್ಪಿಗೆ ಬಂತು, ಮೂರನೆಯ ದಿನ ಬೋರ್ಡು ಬಂತು. ಹುಕ್ಕೇರಿಯ ಮೆಕ್ಯಾನಿಕ್ ಅದನ್ನು ಕೂಡಿಸಿ ಸ್ವಿಚ್ ಹಾಕಿದರು. ಗುರ್ ಎಂದಿತು. ಅತ್ತೆ ಅವರಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿ ಎದುರಿಗೇ ಕುಳಿತರು. ಹೋಗುವಾಗ ಅವರು ಒಂದು ಪೈಸೆ ಕೇಳಲಿಲ್ಲ. ಬೋರ್ಡಿನ ಹಳೆಯ ಬಿಲ್ಲೊಂದನ್ನು ತೋರಿಸಿ, ಕಾಗದ ಇಲ್ಲದಿದ್ದರೆ ಕೂಲಿ ಸೇರಿ ಐದು ಸಾವಿರದ ಎಂಟುನೂರು ಆಗುತ್ತಿತ್ತು ಎಂದರು. ಅತ್ತೆ ಆ ಅಂಕಿಯನ್ನು ವಾರವಿಡೀ ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಸಿಕ್ಕವರಿಗೆಲ್ಲ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿದೆ. ಅವರಿಗೆ ಅದು ಸಲ್ಲಬೇಕಾದದ್ದೇ.

ಅವಧಿ ಮುಗಿದ ಮರುವಾರವೇ ಕಂಪನಿಯಿಂದ ಫೋನು ಬಂತು. ಈಗ ವಾರ್ಷಿಕ ಸರ್ವಿಸ್ ಕರಾರು ಮಾಡಿಸಿ ಎಂದು. ಅತ್ತೆ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಎರಡು ಥರ ಇತ್ತು. ಅಗ್ಗದ್ದರಲ್ಲಿ ಬಂದು ನೋಡುವುದು, ಒರೆಸುವುದು, ಕೂಲಿ ಇಷ್ಟೇ, ಭಾಗಗಳಿಗೆ ನಾವೇ ಕೊಡಬೇಕು. ಭಾಗಗಳೂ ಸೇರಿದ್ದಕ್ಕೆ ವರ್ಷಕ್ಕೆ ಎರಡೂವರೆ ಸಾವಿರ. ಮೊದಲು ಮೂರು ವರ್ಷಕ್ಕೆ ಮೂರು ಸಾವಿರದ ಇನ್ನೂರು ಇದ್ದದ್ದು ಈಗ ಒಂದೇ ವರ್ಷಕ್ಕೆ ಅದರ ಮುಕ್ಕಾಲು ಪಾಲು. ಗ್ಯಾಸ್ ಸೇರಿದೆಯೇ ಎಂದು ಕೇಳಿದೆ, ಸೇರಿದೆ ಎಂದರು. ರಬ್ಬರು, ಪ್ಲಾಸ್ಟಿಕ್ಕು ಇಲ್ಲ. ಕಂಪ್ರೆಸರ್ ಭಾಗ ಹೇಗೂ ಹತ್ತು ವರ್ಷದವರೆಗೆ ಕಂಪನಿಯದೇ. ಬೋರ್ಡು ಈಗ ತಾನೆ ಹೊಸದು. ಎರಡು ವರ್ಷ ಕರಾರು ಕಟ್ಟಿದರೆ ಒಂದು ಬೋರ್ಡಿನ ಹತ್ತಿರ ಹೋಗುತ್ತದೆ.

ನಾನು ಫೋನಿಟ್ಟು ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಹಟ ಹಿಡಿಯುತ್ತಾರೆ ಎಂದುಕೊಂಡಿದ್ದೆ.

"ಬ್ಯಾಡ," ಎಂದರು. "ಈ ಸಲ ನಾಯಿ ಭಾಳ ತಿಂತೈತಿ. ಆ ರೊಟ್ಟಿ ತಗದಿಡು."

"ಬ್ಯಾಂಕಿನಾಗ ಇಡ್ಲೇನ್ರಿ?"

"ಬ್ಯಾಂಕ್ಯಾಕ? ಅದರಾಗ ಒಂದ ಹೆಣ್ಣ ಕುರಿಮರಿ ತಗೋತೀನಿ, ಕಡಿಮಿ ಬಿದ್ರ ನಾ ಹಾಕ್ತೀನಿ. ಫ್ರಿಜ್ಜ ಕೆಟ್ರ ಮಾರಿದ್ರಾತು. ಕೆಡಲಿಲ್ಲಂದ್ರ ಅದು ಮರಿ ಈಯತೈತಿ."

ನಾನು ಓದಿದ ಯಾವ ಷರತ್ತಿನಲ್ಲೂ ಇಂಥದ್ದೊಂದು ಅನುಕೂಲ ಬರೆದಿರಲಿಲ್ಲ. ಆ ಹೆಣ್ಣು ಮರಿ ಈಗ ನಮ್ಮ ಹಟ್ಟಿಯಲ್ಲಿದೆ, ಅದನ್ನು ಎಲ್ಲರೂ ಕರಾರು ಎಂದೇ ಕರೆಯುತ್ತಾರೆ.

ಆ ವರ್ಷದ ದಸರೆಗೆ ನಾನು ಶಾಲೆಯ ಯಾವುದೋ ಪಟ್ಟಿ ಓದಬೇಕೆಂದು ಕನ್ನಡಕ ಹುಡುಕಿದೆ. ಟೇಬಲ್ಲಿನ ಮೇಲಿಲ್ಲ, ಚೀಲದಲ್ಲಿಲ್ಲ. ದೇವರ ಮುಂದೆ ಅತ್ತೆ ಹತಾರ ಜೋಡಿಸುತ್ತಿದ್ದರು. ಫ್ರಿಜ್ಜಿಗೆ ಆಗಲೇ ಭಂಡಾರ ಬಿದ್ದಿತ್ತು, ಅಳಿಸಿದ ಚೀಟಿಯಿಂದ ಒಂದು ಗೇಣು ದೂರಕ್ಕೆ, ಬರಿಯ ಲೋಹದ ಮೇಲೆ. ಹಾಸಿದ ಕಂಬಳಿಯ ಮೇಲೆ ಕುಡುಗೋಲು, ಕೊಡಲಿ, ಉಣ್ಣೆ ಕತ್ತರಿ. ಕತ್ತರಿಯ ಪಕ್ಕದಲ್ಲಿ, ತೊಳೆದು ಒರೆಸಿ, ಕಡ್ಡಿ ಮಡಚಿ ಇಟ್ಟ ನನ್ನ ಕನ್ನಡಕ.

ಅತ್ತೆ ಚಿಟಿಕೆ ಭಂಡಾರ ತೆಗೆದು ಅದಕ್ಕೂ ಹಚ್ಚಿದರು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಗಾಜಿಗೆ ಹಚ್ಚಿಲ್ಲವಾ," ಎಂದರು. "ಕಡ್ಡಿಗೆ ಹಚ್ಚೇನಿ."